ಎಣ್ಣೆಯೊಳಗಿನ ಬೆಳ್ಳುಳ್ಳಿ, ಗಾಳಿ ತೆಗೆದ ಮೀನು: ಬಾಟುಲಿನಮ್ ಪ್ರಶ್ನೆಯನ್ನು ಬಿಡಿಸುವುದು ಹೇಗೆ?

ಹೋಟೆಲ್ ಮ್ಯಾನೇಜ್‌ಮೆಂಟ್ ಓದುವವರು ಬರೆಯುವ ಆಹಾರ ಸುರಕ್ಷತೆಯ ಪರೀಕ್ಷೆಗಳಲ್ಲಿ ಎರಡು ಪದಾರ್ಥಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಒಂದು, ಎಣ್ಣೆಯಲ್ಲಿ ಮುಳುಗಿಸಿಟ್ಟ ಹಸಿ ಬೆಳ್ಳುಳ್ಳಿ. ಇನ್ನೊಂದು, ಗಾಳಿ ತೆಗೆದು ಸೀಲ್ ಮಾಡಿದ ಮೀನು ಅಥವಾ ಮಾಂಸದ ಪೊಟ್ಟಣ. ಇವುಗಳ ಮುಖ್ಯ ಅಪಾಯ ಯಾವುದು ಎಂಬುದೇ ಪ್ರಶ್ನೆ. ಉತ್ತರ ‘ಕ್ಲಾಸ್ಟ್ರಿಡಿಯಮ್ ಬಾಟುಲಿನಮ್’ ಎಂಬ ವಿಷಕಾರಿ ಬ್ಯಾಕ್ಟೀರಿಯಾ ಎಂದು ಬಾಯಿಪಾಠ ಮಾಡಿದವರು ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ತಡವರಿಸುತ್ತಾರೆ. ಕಾರಣ ಗೊತ್ತಿದ್ದರೆ ಹೇಗೆ ತಿರುಗಿಸಿದರೂ ಉತ್ತರ ಸಿಗುತ್ತದೆ.

ಮೊದಲು ಬೀಜಕ ಮತ್ತು ವಿಷ ಬೇರೆ ಬೇರೆ ಎಂದು ತಿಳಿಯಿರಿ

ಈ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಗಟ್ಟಿ ಹೊದಿಕೆಯೊಳಗೆ ಮಲಗಿರುವ ಅದರ ರೂಪಗಳು, ಮಣ್ಣಿನಲ್ಲೂ ಕೆರೆ, ಸಮುದ್ರದ ಕೆಸರಿನಲ್ಲೂ ಇರುತ್ತವೆ. ನೆಲದೊಳಗೆ ಬೆಳೆಯುವ ಬೆಳ್ಳುಳ್ಳಿಗೆ ಅವು ಅಂಟಿಕೊಂಡು ಬರುವುದು ಸಹಜ. ನೀರು ಕುದಿಯುವ 100 ಡಿಗ್ರಿ ಶಾಖಕ್ಕೆ ಬೀಜಕ ಸಾಯುವುದಿಲ್ಲ. ಡಬ್ಬಿ ಆಹಾರದ ಕಾರ್ಖಾನೆಗಳು ಒತ್ತಡದಲ್ಲಿ ಬೇಯಿಸಿ, ಡಬ್ಬಿಯ ನಡುಭಾಗಕ್ಕೆ 121 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷಕ್ಕೆ ಸಮನಾದ ಶಾಖ ಮುಟ್ಟಿಸುವುದು ಇದಕ್ಕಾಗಿಯೇ. ಬೀಜಕ ಮೊಳೆತು, ಬ್ಯಾಕ್ಟೀರಿಯಾ ಬೆಳೆದ ಮೇಲೆ ಹುಟ್ಟುವ ವಿಷದ ಗುಣವೇ ಬೇರೆ. ಅದು ಹತ್ತು ನಿಮಿಷ ಚೆನ್ನಾಗಿ ಕುದಿಸಿದರೆ ಕೆಡುತ್ತದೆ, ಆದರೆ ಕುದಿಸದೆ ತಿಂದರೆ ಅತ್ಯಲ್ಪ ಪ್ರಮಾಣವೇ ನರಗಳನ್ನು ಕಟ್ಟಿಹಾಕುತ್ತದೆ. ರೆಪ್ಪೆ ಜೋತು ಬೀಳುವುದು, ಒಂದು ಎರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲಾಗದಿರುವುದು, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುವುದು, ಹೀಗೆ ಪಾರ್ಶ್ವವಾಯು ತಲೆಯಿಂದ ಕೆಳಗಿಳಿಯುತ್ತದೆ.

ಆಮೇಲೆ ಆಹಾರಕ್ಕೆ ನಾಲ್ಕು ಪ್ರಶ್ನೆ ಕೇಳಿ

ಗಾಳಿ ಇದೆಯೇ? ಹುಳಿ ಎಷ್ಟು? ನೀರು ಸಿಗುತ್ತದೆಯೇ? ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ಇಟ್ಟಿದ್ದಾರೆ? ಗಾಳಿಯಿಲ್ಲದ ಜಾಗ, ಪಿಎಚ್ 4.6ಕ್ಕಿಂತ ಹೆಚ್ಚು ಅಂದರೆ ಕಡಿಮೆ ಹುಳಿ, ಸಾಕಷ್ಟು ತೇವ, ಮತ್ತು ಬೆಚ್ಚಗಿನ ವಾತಾವರಣದಲ್ಲಿ ಕೆಲವು ದಿನ: ಈ ನಾಲ್ಕೂ ಒಟ್ಟಿಗೆ ಸೇರಿದಾಗ ವಿಷ ಹುಟ್ಟುತ್ತದೆ. ಒಂದನ್ನು ಗಟ್ಟಿಯಾಗಿ ತಡೆದರೂ ಸಾಕು.

ಈಗ ಪ್ರಶ್ನೆಯೊಂದನ್ನು ಬಿಡಿಸೋಣ. ‘ಅಡುಗೆಯವರು ಸುಲಿದ ಹಸಿ ಬೆಳ್ಳುಳ್ಳಿ ಎಸಳುಗಳನ್ನು ಗಾಜಿನ ಜಾಡಿಗೆ ಹಾಕಿ, ಮುಳುಗುವಷ್ಟು ಎಣ್ಣೆ ಸುರಿದು, ಒಲೆಯ ಪಕ್ಕದ ಕಟ್ಟೆಯ ಮೇಲೆ ಒಂದು ವಾರ ಇಟ್ಟಿದ್ದಾರೆ. ಮುಖ್ಯ ಅಪಾಯ ಯಾವುದು?’

ಎಸಳಿನ ಸುತ್ತ ಎಣ್ಣೆ ತುಂಬಿದೆ, ಹೊರಗಿನ ಗಾಳಿ ಅದನ್ನು ಮುಟ್ಟುವುದಿಲ್ಲ. ಬೆಳ್ಳುಳ್ಳಿ ಬಾಯಿಗೆ ಖಾರವಾದರೂ ಹುಳಿಯಲ್ಲ, ಅದರ ಪಿಎಚ್ 4.6ಕ್ಕಿಂತ ಸಾಕಷ್ಟು ಮೇಲಿದೆ. ಇನ್ನು ನೀರು. ಅನೇಕರು ಜಾರುವುದು ಇಲ್ಲೇ. ಎಣ್ಣೆಯಲ್ಲಿ ನೀರಿಲ್ಲ, ಬರೀ ಎಣ್ಣೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ನಿಜ. ಆದರೆ ಎಸಳಿನ ಒಳಗೆ ಅರ್ಧಕ್ಕಿಂತ ಹೆಚ್ಚು ನೀರೇ ಇದೆ. ಎಸಳನ್ನು ಅಡ್ಡ ಕೊಯ್ದು ಬೆರಳಿಗೆ ಒತ್ತಿ ನೋಡಿ, ಅಂಟಂಟಾದ ರಸ ಹತ್ತುತ್ತದೆ. ಬೀಜಕ ಮೊಳೆಯುವುದು ಆ ತೇವದಲ್ಲಿ, ಎಣ್ಣೆ ಮಾಡುವುದು ಗಾಳಿಗೆ ಬಾಗಿಲು ಹಾಕುವ ಕೆಲಸ ಮಾತ್ರ. ಒಲೆಯ ಪಕ್ಕದ ಬಿಸುಪು, ಒಂದು ವಾರದ ಸಮಯ ಸೇರಿದರೆ ನಾಲ್ಕೂ ಕೂಡಿದವು.

ಎಣ್ಣೆಯನ್ನು ಮೊದಲೇ ಕಾಯಿಸಿ ಸುರಿದರೆ? ಉತ್ತರಗಳ ಪಟ್ಟಿಯಲ್ಲಿ ಈ ಬಲೆ ಇರುತ್ತದೆ. ಸಾಧಾರಣ ಶಾಖ ಬೀಜಕವನ್ನು ಕೊಲ್ಲುವುದಿಲ್ಲ, ಅದರ ಜೊತೆ ಪೈಪೋಟಿಗಿದ್ದ ಬೇರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಒಳಗಿದ್ದ ಗಾಳಿಯನ್ನೂ ಓಡಿಸುತ್ತದೆ. ಹೀಗೆ ಕಾಯಿಸುವುದರಿಂದ ಕೆಲವೊಮ್ಮೆ ಬಾಟುಲಿನಮ್‌ಗೇ ಅನುಕೂಲ.

ಇದು ಪುಸ್ತಕದ ಕಲ್ಪನೆಯಲ್ಲ

1985ರಲ್ಲಿ ಕೆನಡಾದ ವ್ಯಾಂಕೂವರಿನ ರೆಸ್ಟೋರೆಂಟೊಂದರಲ್ಲಿ ಉಂಡ 36 ಮಂದಿಗೆ ಈ ವಿಷದಿಂದ ಬರುವ ಬಾಟುಲಿಸಮ್ ಕಾಯಿಲೆ ತಗುಲಿತು. ಸೋಯಾಬೀನ್ ಎಣ್ಣೆಯಲ್ಲಿದ್ದ ಹೆಚ್ಚಿದ ಬೆಳ್ಳುಳ್ಳಿಯಿಂದ ಅಲ್ಲಿ ಗಾರ್ಲಿಕ್ ಬೆಣ್ಣೆ ಮಾಡುತ್ತಿದ್ದರು. ಫ್ರಿಜ್ಜಿನಲ್ಲಿಡಬೇಕಾದ ಆ ಜಾಡಿಗಳು ತಿಂಗಳುಗಟ್ಟಲೆ ಹೊರಗಿದ್ದವು. ಉಂಡವರು ಬೇರೆ ಬೇರೆ ಊರುಗಳಿಗೆ ಚದುರಿಹೋಗಿದ್ದರಿಂದ, ಹೆಚ್ಚಿನವರಿಗೆ ಮೊದಲು ಬೇರೆ ಕಾಯಿಲೆ ಎಂದೇ ಹೇಳಲಾಗಿತ್ತು. 1989ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಇಂಥದೇ ಬೆಳ್ಳುಳ್ಳಿಯಿಂದ ಇನ್ನೂ ಮೂವರು ಹಾಸಿಗೆ ಹಿಡಿದರು. ಆಮೇಲೆ ಅಮೆರಿಕದ ಆಹಾರ ಇಲಾಖೆ, ಅಂಗಡಿಯ ಬೆಳ್ಳುಳ್ಳಿ–ಎಣ್ಣೆಗೆ ಹುಳಿ ಸೇರಿಸುವಂಥ ರಕ್ಷಣೆ ಇರಲೇಬೇಕು, ಫ್ರಿಜ್ ಒಂದನ್ನೇ ನಂಬುವಂತಿಲ್ಲ ಎಂದಿತು. ಅಲ್ಲಿಯ ನಿಯಮಗಳಲ್ಲಿ ಹಾಗೆ ಸಂಸ್ಕರಿಸದ ಬೆಳ್ಳುಳ್ಳಿ–ಎಣ್ಣೆ ಹಾಲು, ಮಾಂಸದ ಸಾಲಿನಲ್ಲಿ, ಸಮಯ ಮತ್ತು ತಾಪಮಾನ ಕಾಯಬೇಕಾದ ಆಹಾರವಾಗಿದೆ. ಪರೀಕ್ಷೆಯವರಿಗೆ ಇದು ಪ್ರಿಯವಾದ ಪ್ರಶ್ನೆಯಾಗಿದ್ದೂ ಇದರಿಂದಲೇ: ಎರಡು ನಿರಪಾಯದ ವಸ್ತುಗಳು ಸೇರಿ ಅಪಾಯವಾಗುತ್ತವೆ.

ಹಾಗಾದರೆ ನಮ್ಮ ಬೆಳ್ಳುಳ್ಳಿ ಉಪ್ಪಿನಕಾಯಿ? ಅಲ್ಲಿಯೂ ಮೇಲೆ ಎಣ್ಣೆ ನಿಂತಿರುತ್ತದೆ, ಆದರೆ ಕಾಯುವುದು ನಿಂಬೆರಸದ ಹುಳಿ ಮತ್ತು ಧಾರಾಳ ಉಪ್ಪು. ಆರೋಗ್ಯಕ್ಕೆಂದು ಉಪ್ಪು ಇಳಿಸಿ, ಹುಳಿಯನ್ನೂ ಬಿಟ್ಟು ‘ಎಣ್ಣೆ ಇದೆಯಲ್ಲ’ ಎಂದು ಹೊರಗಿಟ್ಟರೆ ಅದು ಉಪ್ಪಿನಕಾಯಿಯಾಗಿ ಉಳಿಯುವುದಿಲ್ಲ, ಮೇಲೆ ಹೇಳಿದ ಜಾಡಿಯೇ ಆಗುತ್ತದೆ.

ಅಡುಗೆಮನೆಯಲ್ಲಿ ಮಾಡಬೇಕಾದ್ದು

ಹಸಿ ಬೆಳ್ಳುಳ್ಳಿ–ಎಣ್ಣೆಯನ್ನು ಬೇಕಾದಷ್ಟೇ ಮಾಡಿ, ಕೂಡಲೇ ಫ್ರಿಜ್ಜಿಗಿಟ್ಟು, ನಾಲ್ಕು ದಿನದೊಳಗೆ ಮುಗಿಸಿ. ಉಳಿದದ್ದನ್ನು ಚೆಲ್ಲಿ ಅಥವಾ ಮೊದಲೇ ಫ್ರೀಜರಿಗೆ ಹಾಕಿ. ಜಾಡಿಯ ಮೇಲೆ ಮಾಡಿದ ತಾರೀಖು ಬರೆಯದಿದ್ದರೆ ನಾಲ್ಕು ದಿನದ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಹೆಚ್ಚು ದಿನ ಇಡಬೇಕೆಂದರೆ ಹುಳಿ ಎಸಳಿನ ಒಳಕ್ಕೆ ಇಳಿಯಬೇಕು. ಎಣ್ಣೆಯ ಮೇಲೆ ನಿಂಬೆ ಹಿಂಡಿದರೆ ರಸ ಜಾಡಿಯ ತಳಕ್ಕೆ ಇಳಿದು ಕೂರುತ್ತದೆ, ಎಸಳಿನೊಳಗೆ ಹೋಗುವುದಿಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳು ಪರೀಕ್ಷಿಸಿ ಕೊಟ್ಟ ವಿಧಾನದಲ್ಲಿ ಬೆಳ್ಳುಳ್ಳಿಯನ್ನು 6 ಮಿಲಿಮೀಟರಿಗಿಂತ ಚಿಕ್ಕದಾಗಿ ಹೆಚ್ಚಿ, ತೂಕದಲ್ಲಿ ಅದರ ಮೂರರಷ್ಟು, ಶೇ 3ರ ಸಿಟ್ರಿಕ್ ಆಮ್ಲದ ನೀರಿನಲ್ಲಿ 24 ಗಂಟೆ ಮುಳುಗಿಸಿಡುತ್ತಾರೆ. ಆಮೇಲೆ ಸೋಸಿ ಎಣ್ಣೆಗೆ ಹಾಕುತ್ತಾರೆ. ಇಡೀ ಎಸಳಿಗೆ ಈ ವಿಧಾನ ಹೊಂದುವುದಿಲ್ಲ, ನಡುಭಾಗಕ್ಕೆ ಹುಳಿ ತಲುಪದೆ ಉಳಿಯುತ್ತದೆ.

ಮೂಸಿ ನೋಡಿ ತೀರ್ಮಾನಿಸಬೇಡಿ. ಬೆಳ್ಳುಳ್ಳಿಯ ಘಾಟು ಬೇರೆ ವಾಸನೆಯನ್ನು ಮುಚ್ಚುತ್ತದೆ, ಎಣ್ಣೆ ತಿಳಿಯಾಗಿಯೇ ಕಾಣಬಹುದು. ಅನುಮಾನದ ಜಾಡಿಯನ್ನು ರುಚಿ ನೋಡಲೂ ಬೇಡಿ.

ಗಾಳಿ ತೆಗೆದ ಪೊಟ್ಟಣ

ಅದೇ ನಾಲ್ಕು ಪ್ರಶ್ನೆಯನ್ನು ವ್ಯಾಕ್ಯೂಮ್ ಪ್ಯಾಕಿಗೂ ಕೇಳಿ, ಆದರೆ ಇಲ್ಲಿ ಒಂದು ಲೆಕ್ಕ ಬದಲಾಗುತ್ತದೆ. ಬಾಟುಲಿನಮ್‌ನ ಒಂದು ಗುಂಪು 10 ಡಿಗ್ರಿಗಿಂತ ಕೆಳಗೆ ಬೆಳೆಯುವುದಿಲ್ಲ. ಮೀನಿನೊಂದಿಗೆ ಹೆಚ್ಚು ನಂಟಿರುವ ‘ಇ’ ಬಗೆ ಸೇರಿದ ಇನ್ನೊಂದು ಗುಂಪು ಸುಮಾರು 3 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆದು ವಿಷ ಮಾಡುತ್ತದೆ, ಕೊಳೆತ ವಾಸನೆಯನ್ನೂ ಬಿಡುವುದಿಲ್ಲ. ಅಂದರೆ 5 ಡಿಗ್ರಿಯ ಫ್ರಿಜ್ ಅದನ್ನು ನಿಲ್ಲಿಸುವುದಿಲ್ಲ, ತಡಮಾಡುತ್ತದೆ ಅಷ್ಟೆ. ಗಾಳಿಯಲ್ಲಿಟ್ಟ ಮೀನು ಬೇಗ ಲೋಳೆಯಾಗಿ ನಾರುತ್ತದೆ, ನಾವು ಎಸೆಯುತ್ತೇವೆ. ಗಾಳಿ ತೆಗೆದಾಗ ಆ ಲೋಳೆ ಮಾಡುವ ಬ್ಯಾಕ್ಟೀರಿಯಾಗಳು ಅಡಗುತ್ತವೆ, ಮೀನು ತಾಜಾ ಕಾಣುತ್ತದೆ, ಎಚ್ಚರಿಕೆಯ ಗಂಟೆಯೇ ಬಾರಿಸುವುದಿಲ್ಲ. 1963ರಲ್ಲಿ ಅಮೆರಿಕದ ಮಹಾ ಸರೋವರಗಳ ಕಡೆಯಿಂದ ಬಂದ, ಗಾಳಿ ತೆಗೆದು ಪ್ಯಾಕ್ ಮಾಡಿದ ಹೊಗೆಮೀನು ತಿಂದು ಟೆನೆಸಿಯಲ್ಲಿ ಜನ ಸತ್ತದ್ದು ಹೀಗೆ.

ಆದ್ದರಿಂದಲೇ ‘ಗಾಳಿ ತೆಗೆದ ಪೊಟ್ಟಣದ ಹೆಪ್ಪುಗಟ್ಟಿದ ಮೀನನ್ನು ಫ್ರಿಜ್ಜಿನಲ್ಲಿ ಕರಗಿಸುವ ಮುಂಚೆ ಏನು ಮಾಡಬೇಕು?’ ಎಂಬ ಪ್ರಶ್ನೆ ಬರುತ್ತದೆ. ಪೊಟ್ಟಣವನ್ನು ಕತ್ತರಿಸಿ, ಮೀನನ್ನು ಹೊರತೆಗೆದು, ಗಾಳಿಯಾಡುವ ತಟ್ಟೆಯಲ್ಲಿಟ್ಟು ಕರಗಿಸಬೇಕು. ತಣ್ಣೀರಿನ ನಲ್ಲಿಯಡಿ ಕರಗಿಸಿದರೆ, ಕರಗಿದ ಕೂಡಲೇ ಪೊಟ್ಟಣ ಬಿಚ್ಚಬೇಕು.