ದರ ಏರಿಸಿದೆವು, ಪಟ್ಟಿ ಸಣ್ಣದಾಯಿತು

ಕುಮಟಾ ಮತ್ತು ಗೋಕರ್ಣದ ನಡುವಿನ ಒಂದು ಗ್ರಾಮ ಪಂಚಾಯ್ತಿಯಲ್ಲಿ ನಾನು ಸದಸ್ಯನಾಗಿದ್ದೆ. 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದವನು. ಅದಕ್ಕೂ ಮೊದಲು ಪೇಟೆಯಲ್ಲಿ ಅಂಗಡಿಗಳ ಲೆಕ್ಕ ಬರೆಯುತ್ತಿದ್ದೆ. "ಇವನಿಗೆ ಲೆಕ್ಕ ಗೊತ್ತು" ಅಂತ ಹಣಕಾಸು ಸ್ಥಾಯಿ ಸಮಿತಿಗೆ ಹಾಕಿದರು. ಲೆಕ್ಕ ಗೊತ್ತಿತ್ತು ನಿಜ, ತೆರಿಗೆ ಗೊತ್ತಿರಲಿಲ್ಲ.

ನಮಗೆ ದುಡ್ಡು ಬೇಕಾಗಿದ್ದು ನೀರಿಗೆ. ಬೇಸಿಗೆ ಬಂದರೆ ಕಡಲ ಬದಿಯ ಬಾವಿಗಳಲ್ಲಿ ಉಪ್ಪು ನೀರು, ಮೇಲಿನ ಬೋರ್‌ವೆಲ್‌ನಿಂದ ಪಂಪ್ ಮಾಡಬೇಕು, ಕರೆಂಟ್ ಬಿಲ್ಲು ಏರುತ್ತಲೇ ಇತ್ತು. ಕಟ್ಟಡ ತೆರಿಗೆಯಿಂದ ವರ್ಷಕ್ಕೆ ಬರಬೇಕಾದ ಬೇಡಿಕೆ 4 ಲಕ್ಷಕ್ಕೆ ಸ್ವಲ್ಪ ಕಡಿಮೆ. ರಿಜಿಸ್ಟರಿನಲ್ಲಿ 780 ಮನೆ, ಒಟ್ಟು ಮೌಲ್ಯ 39 ಕೋಟಿ, ಸಾವಿರಕ್ಕೆ 50 ಪೈಸೆಯಂತೆ 1.95 ಲಕ್ಷ. ಲಾಡ್ಜ್, ಹೋಂಸ್ಟೇ, ಹೋಟೆಲು ಸೇರಿ 46 ವಾಣಿಜ್ಯ ಕಟ್ಟಡ, ಮೌಲ್ಯ 10 ಕೋಟಿ, ಸಾವಿರಕ್ಕೆ 2 ರೂಪಾಯಿಯಂತೆ 2 ಲಕ್ಷ. ದರ ಎಷ್ಟರಿಂದ ಎಷ್ಟರವರೆಗೆ ಇರಬಹುದು ಅನ್ನೋದು ಸರ್ಕಾರದ ನಿಯಮದಲ್ಲಿರುತ್ತದೆ, ಅದರೊಳಗೆ ಪಂಚಾಯ್ತಿ ಠರಾವು ಮಾಡಬೇಕು.

ಆಗ ನಮಗೆ ಹೊಳೆದಿದ್ದು ಎಲ್ಲರಿಗೂ ಹೊಳೆಯುವಂಥದ್ದೇ. 780 ಮನೆಯವರ ಬೈಗುಳ ಯಾಕೆ ತಿನ್ನಬೇಕು, ದುಡ್ಡು ಮಾಡುವವರು 46 ಜನ ಇದ್ದಾರಲ್ಲ, ಅವರಿಗೇ ಡಬಲ್ ಮಾಡೋಣ. 2022ರ ಏಪ್ರಿಲ್‌ನಿಂದ ವಾಣಿಜ್ಯ ದರ ಸಾವಿರಕ್ಕೆ 4 ರೂಪಾಯಿ ಆಯಿತು. ಠರಾವಿಗೆ ನಾನೂ ಕೈ ಎತ್ತಿದೆ, ಸುಮ್ನೆ ಅಲ್ಲ, ಖುಷಿಯಿಂದಲೇ ಎತ್ತಿದೆ. ಕಾಗದದ ಮೇಲೆ 2 ಲಕ್ಷ ಜಾಸ್ತಿ ಕಾಣುತ್ತಿತ್ತು.

ಮಾರ್ಚ್‌ನಲ್ಲಿ ಬೇಡಿಕೆ ಪಟ್ಟಿ ತೆಗೆದರೆ 46 ಇದ್ದದ್ದು 31 ಆಗಿತ್ತು. 10 ಕೋಟಿ ಮೌಲ್ಯ 6 ಕೋಟಿಗೆ ಇಳಿದಿತ್ತು. ಉಳಿದ 15 ಕಟ್ಟಡ ಎಲ್ಲೂ ಹೋಗಿರಲಿಲ್ಲ, ಅರ್ಜಿ ಕೊಟ್ಟು "ವಾಸದ ಮನೆ" ಆಗಿದ್ದವು. 4 ಲಕ್ಷ ಬರಬೇಕಾದ ಕಡೆ 2.40 ಲಕ್ಷ, ಮನೆಯ ದರದಲ್ಲಿ ಆ 15ರಿಂದ 20 ಸಾವಿರ. ಅಂದರೆ 2 ಲಕ್ಷದ ಆಸೆಗೆ ಸಿಕ್ಕಿದ್ದು 60 ಸಾವಿರ, ಅದೂ ಬೇಡಿಕೆಯಲ್ಲಿ. ಉಳಿದ 31ರಲ್ಲಿ ದೊಡ್ಡ ಲಾಡ್ಜಿನವರು ಕೆಲವರು ತಕರಾರು ಹಾಕಿ ಕಟ್ಟೋದೇ ನಿಲ್ಲಿಸಿದರು, ಹಾಗಾಗಿ ಕೈಗೆ ಬಂದ ಹಣ ಹಿಂದಿನ ವರ್ಷಕ್ಕಿಂತ ಕಡಿಮೆ. ಪ್ರವಾಸಿಗರೇ ಕಡಿಮೆ ಇದ್ದರೇನೋ ಅಂತ ಯಾರೋ ಕೇಳಿದರು. ಆ ಡಿಸೆಂಬರ್‌ನಲ್ಲಿ ನಮ್ಮ ರಸ್ತೆಯಲ್ಲಿ ಬೈಕು ಹೋಗಲು ಜಾಗ ಇರಲಿಲ್ಲ.

ನಮ್ಮ ಬಿಲ್ ಕಲೆಕ್ಟರ್ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರು ಇಡೀ ವಿಷಯವನ್ನು ಒಂದೇ ಮಾತಲ್ಲಿ ಮುಗಿಸಿದರು: "ತಮಾ, ನೀವು ದರ ಏರಸ್ತ್ರಿ, ಜನ ಬೋರ್ಡ್ ಇಳಸ್ತ್ರು."

ಹೋಂಸ್ಟೇ ಬೋರ್ಡ್ ಇಳಿಸಿದ ಒಂದು ಮನೆಗೆ ಅವರ ಜೊತೆ ಹೋದೆ. ಗೋಡೆಯ ಮೇಲೆ ಬೋರ್ಡ್ ಇದ್ದ ಜಾಗ ಮಾತ್ರ ಬಿಳಿ ಚೌಕ, ಸುತ್ತ ಮಳೆಯ ಪಾಚಿ. ತಾರಸಿಯ ಮೇಲೆ ಒಂದೇ ಬಣ್ಣದ ಆರು ಬೆಡ್‌ಶೀಟ್ ಒಣಗುತ್ತಿದ್ದವು. ಯಜಮಾನತಿ ಮುಚ್ಚಿಡಲೂ ಇಲ್ಲ. "ಬೋರ್ಡ್ ಇದ್ರೆ ಎಂಟು ಸಾವಿರ, ಇಲ್ದಿದ್ರೆ ಒಂದು ಸಾವಿರ. ನೀನಾದ್ರೆ ಎಂತ ಮಾಡ್ತಿದ್ಯೋ?" ಅಂದರು. ಅವರ ಮನೆಯ ಮೌಲ್ಯ 20 ಲಕ್ಷ. ಮನೆ ಅಂದರೆ 1,000 ರೂಪಾಯಿ, ವಾಣಿಜ್ಯ ಅಂದರೆ 8,000. ಒಂದು ಅರ್ಜಿಯ ಬೆಲೆ 7,000 ರೂಪಾಯಿ. ಹಿಂದಿನ ದರದಲ್ಲಿ ಅದೇ ಅರ್ಜಿಯ ಬೆಲೆ 3,000 ಇತ್ತು, ಅಷ್ಟಕ್ಕೆ ಅವರು ಬೋರ್ಡ್ ಇಳಿಸಿರಲಿಲ್ಲ. ಕಾಫಿ ಕುಡಿದು ಎದ್ದೆವು. ಉತ್ತರ ನನ್ನ ಹತ್ತಿರ ಇರಲಿಲ್ಲ.

ತಪ್ಪಿಸಿಕೊಂಡವರಿಗಿಂತ ನನ್ನನ್ನು ಜಾಸ್ತಿ ಕಾಡಿದ್ದು ನಿಲ್ಲಿಸಿದವರು. ಪಕ್ಕದ ಮನೆಯವರು ಎರಡು ಕೋಣೆ ಬಾಡಿಗೆಗೆ ಕೊಡೋದನ್ನೇ ಬಿಟ್ಟಿದ್ದರು. ಅವರಿಗೆ ವರ್ಷಕ್ಕೆ ಖರ್ಚು ಕಳೆದು ಉಳಿಯುತ್ತಿದ್ದದ್ದು 5 ಸಾವಿರ ಆಸುಪಾಸು. ಇಲ್ಲಿ ಸ್ವಲ್ಪ ನಿಂತು ನೋಡಿ. ಹೆಚ್ಚುವರಿ ತೆರಿಗೆ 3,000 ಇದ್ದಾಗ ಬಾಗಿಲು ಹಾಕೋದು 3,000ಕ್ಕಿಂತ ಕಡಿಮೆ ಲಾಭ ಇದ್ದವರು ಮಾತ್ರ. 7,000 ಆದಾಗ 5,000, 6,000 ಲಾಭದವರೂ ಹಾಕುತ್ತಾರೆ. ಹಾಕುವವರ ಸಂಖ್ಯೆಯೂ ಹೆಚ್ಚು, ಒಬ್ಬೊಬ್ಬರು ಬಿಟ್ಟುಕೊಡುವ ಲಾಭವೂ ಹೆಚ್ಚು. ಅರ್ಥಶಾಸ್ತ್ರದವರು ದರ ಎರಡು ಪಟ್ಟಾದರೆ ನಷ್ಟ ಸುಮಾರು ನಾಲ್ಕು ಪಟ್ಟು ಅನ್ನೋದು ಇದನ್ನೇ. ಆ ನಷ್ಟ ಪಂಚಾಯ್ತಿಗೂ ಸೇರುವುದಿಲ್ಲ, ಮನೆಯವರಿಗೂ ಸೇರುವುದಿಲ್ಲ, ಹಾಗೇ ಗಾಳಿಗೆ ಹೋಗುತ್ತದೆ. ಒಂದೇ ಮೊತ್ತವನ್ನು ಜಾಸ್ತಿ ಜನರ ಮೇಲೆ ಸಣ್ಣ ದರದಲ್ಲಿ ಹರಡಿದರೆ ಕಡಿಮೆ ಹಾಳಾಗೋದು ಈ ಕಾರಣಕ್ಕೆ.

(ದಿಲ್ಲಿಯವರೂ ಇದೇ ಪಾಠ ಕಲಿತವರು. 1973-74ರಲ್ಲಿ ಆದಾಯ ತೆರಿಗೆಯ ಮೇಲಿನ ದರ ಸರ್ಚಾರ್ಜ್ ಸೇರಿ 97.75 ಶೇಕಡಾ ಇತ್ತು. 1991ರಲ್ಲಿ ನೇಮಿಸಿದ ರಾಜಾ ಚೆಲ್ಲಯ್ಯ ಸಮಿತಿ ದರ ಇಳಿಸಿ, ವಿನಾಯಿತಿ ಕಡಿಮೆ ಮಾಡಿ ಅಂದಿತು. 2019ರಲ್ಲಿ ವಿನಾಯಿತಿ ಬೇಡ ಅನ್ನುವ ಕಂಪನಿಗಳಿಗೆ ದರ 22 ಶೇಕಡಾ ಅಂದದ್ದೂ ಅದೇ ದಾರಿ.)

ಸರಿ, ಹರಡೋದು ಅಂದರೆ ಯಾರ ಮೇಲೆ? ನಮ್ಮ ರಿಜಿಸ್ಟರಿನಲ್ಲಿ ಇಲ್ಲದವರು ಯಾರು ಅಂತ ಗೊತ್ತಾಗಬೇಕಿತ್ತು. ಇಲ್ಲಿ ಕೈ ಹಿಡಿದದ್ದು ಕರೆಂಟ್ ಮೀಟರ್. ತೆರಿಗೆ ಕಟ್ಟದೆ ಇರಬಹುದು, ಕರೆಂಟ್ ಇಲ್ಲದೆ ಯಾರಿರುತ್ತಾರೆ? ಹೆಸ್ಕಾಂನ ಆರ್.ಆರ್. ನಂಬರ್ ಪಟ್ಟಿ ಇಟ್ಟುಕೊಂಡು ನಮ್ಮ ರಿಜಿಸ್ಟರಿನ ಜೊತೆ ವಾರ್ಡ್‌ವಾರು ಟಿಕ್ ಹಾಕುತ್ತಾ ಹೋದೆವು. ಪಂಪ್‌ಸೆಟ್ ಮತ್ತು ಆ 46 ವಾಣಿಜ್ಯ ಕಟ್ಟಡ ಬಿಟ್ಟು 1,060 ಮೀಟರ್. ಅದರಲ್ಲಿ 40 ಎರಡೆರಡು ಲೆಕ್ಕ, ಅಣ್ಣತಮ್ಮಂದಿರು ಬೇರೆ ಒಲೆ ಹಚ್ಚಿ ಒಂದೇ ಮನೆಗೆ ಎರಡು ಮೀಟರ್ ಹಾಕಿಸಿಕೊಂಡಿದ್ದರು. ಉಳಿದದ್ದು 1,020 ಮನೆ. ಅಂದರೆ 240 ಮನೆಗೆ ತೆರಿಗೆಯೇ ಇರಲಿಲ್ಲ. ಇನ್ನು ರಿಜಿಸ್ಟರಿನಲ್ಲಿ ಹಂಚಿನ ಮನೆ ಅಂತ ಇದ್ದು ನೋಡಿದರೆ ಮೇಲೆ ಎರಡು ಅಂತಸ್ತು ಎದ್ದ ಮನೆಗಳು ಬೇರೆ. ಎಲ್ಲ ಹೊಸದಾಗಿ ಅಳೆಯಲು 2023ರ ಮಳೆಗಾಲ ಪೂರ್ತಿ ಹಿಡಿಯಿತು. ಟೇಪು ಒದ್ದೆ, ಪುಸ್ತಕ ಒದ್ದೆ, ನಾವೂ ಒದ್ದೆ.

ಹೋಂಸ್ಟೇಗೆ ಒಂದು ಬದಲಾವಣೆ ಮಾಡಿದೆವು. ಇಡೀ ಮನೆ ವಾಣಿಜ್ಯ ಅಥವಾ ಇಡೀ ಮನೆ ವಾಸ ಅನ್ನೋ ಬದಲು, ಬಾಡಿಗೆಗೆ ಕೊಡುವ ಕೋಣೆಗಳ ಪಾಲಿಗೆ ಮಾತ್ರ ವಾಣಿಜ್ಯ ದರ, ಅದೂ ಹಳೆಯ 2 ರೂಪಾಯಿಗೇ ಇಳಿಸಿ. ಬೋರ್ಡ್ ಇಳಿಸಿದ್ದ ಆ ಅಕ್ಕನ ಮನೆಯಲ್ಲಿ ಐದರಲ್ಲಿ ಎರಡು ಕೋಣೆ ಬಾಡಿಗೆಗೆ. 8 ಲಕ್ಷಕ್ಕೆ ಸಾವಿರಕ್ಕೆ 2ರಂತೆ 1,600, ಉಳಿದ 12 ಲಕ್ಷಕ್ಕೆ 50 ಪೈಸೆಯಂತೆ 600, ಒಟ್ಟು 2,200. ಬೋರ್ಡ್ ಇಳಿಸಿದರೆ ಉಳಿಯೋದು 1,200 ಮಾತ್ರ. ಬೋರ್ಡ್ ವಾಪಸ್ ಬಂತು, ಈ ಸಲ ಲೈಟ್ ಹಾಕಿ.

ಎಲ್ಲ ಸೇರಿಸಿದಾಗ ಮನೆಗಳ ಮೌಲ್ಯ 58 ಕೋಟಿ, ವಾಣಿಜ್ಯದ್ದು 14 ಕೋಟಿ. ಮನೆಗೆ ಹಳೆಯ 50 ಪೈಸೆ, ವಾಣಿಜ್ಯಕ್ಕೆ ಹಳೆಯ 2 ರೂಪಾಯಿ. 2.90 ಮತ್ತು 2.80, ಒಟ್ಟು 5.70 ಲಕ್ಷ. ಡಬಲ್ ಮಾಡಿ ನಾವು ಕನಸು ಕಂಡದ್ದು 5.95 ಲಕ್ಷ. ಹೆಚ್ಚುಕಡಿಮೆ ಅಷ್ಟೇ ಬೇಡಿಕೆ, ಯಾರ ದರವನ್ನೂ ಏರಿಸದೆ.

ಠರಾವಿಗೆ ಮೊದಲು ಆಕ್ಷೇಪಣೆ ಕರೆದಾಗ ಶುರುವಾಯಿತು ನೋಡಿ. ನಮ್ಮ ಸಂಘದ ಕಟ್ಟಡ ಬಿಡಿ, ನಮ್ಮ ಕೇರಿಗೆ ನೀರೇ ಬರಲ್ಲ ನಮ್ಮನ್ನು ಬಿಡಿ, ಬೀಗ ಹಾಕಿದ ಮನೆಗೆ ಯಾಕೆ ತೆರಿಗೆ. ಒಂದೊಂದೂ ಕೇಳಿದರೆ ನ್ಯಾಯವೇ. ನಾನು ಸಭೆಯಲ್ಲಿ ಬೋರ್ಡಿನ ಮೇಲೆ ಬರೆದೆ: ಕೇಳಿದವರನ್ನೆಲ್ಲ ಬಿಟ್ಟರೆ 58ರಲ್ಲಿ 8 ಕೋಟಿ ಹೋಗುತ್ತದೆ, ಅದೇ ಹಣ ಬರಬೇಕಾದರೆ ಉಳಿದವರಿಗೆ 50 ಪೈಸೆ ಇದ್ದದ್ದು 58 ಪೈಸೆ. ವಿನಾಯಿತಿ ಪಂಚಾಯ್ತಿ ಕೊಡೋದಲ್ಲ, ಪಕ್ಕದ ಮನೆಯವರು ಕೊಡೋದು ಅಂತ ಆಮೇಲೆ ಗಲಾಟೆ ಅವರವರಲ್ಲೇ ಆಯಿತು. ನೀರಿನ ತಕರಾರಿಗೆ ಮಾತ್ರ ಪೈಪ್ ಹಾಕಿಸಿದೆವು, ತೆರಿಗೆ ಬಿಡಲಿಲ್ಲ.

ಆದರೆ ಹರಡೋದಕ್ಕೂ ಒಂದು ಅಂಚು ಇದೆ, ಅದನ್ನು ನಾವು ದಾಟಿ ಎಡವಿದೆವು. ಹೊಳೆಯಾಚೆಯ ಕೇರಿಯಲ್ಲಿ 60 ಸಾವಿರ ಮೌಲ್ಯದ ಸಣ್ಣ ಮನೆಗಳು. ತೆರಿಗೆ 30 ರೂಪಾಯಿ. ಬಿಲ್ ಕಲೆಕ್ಟರ್ ದೋಣಿ ಹತ್ತಿ ಹೋಗಿ ದಿನವಿಡೀ ಸುತ್ತಿದರೆ 18 ಮನೆ, ಅದರಲ್ಲಿ ಅರ್ಧ ಜನ ಕೆಲಸಕ್ಕೆ ಹೋಗಿರುತ್ತಾರೆ. ಒಂದು ದಿನಕ್ಕೆ 270 ರೂಪಾಯಿ ತಂದರು, ಅವರ ಅರ್ಧ ದಿನದ ಸಂಬಳವೂ ಹುಟ್ಟಲಿಲ್ಲ. ಮುಂದಿನ ಸಲ ಅಲ್ಲಿ ಮನೆ ಮನೆ ತಿರುಗೋದು ಬಿಟ್ಟು ನೀರಿನ ಬಿಲ್ಲಿನ ಜೊತೆಗೇ ಕಟ್ಟಿಸಿಕೊಂಡೆವು. ಮುಂಬೈ, ಬೆಂಗಳೂರಲ್ಲಿರುವವರ ಬೀಗ ಹಾಕಿದ ಮನೆಗಳಿಗೆ ಬಂಡಿಹಬ್ಬದ ವಾರ ದೇವಸ್ಥಾನದ ಹತ್ತಿರವೇ ಮೇಜು ಹಾಕಿ ಕೂತೆವು. ಊರಿಗೆ ಬಂದವರು ಆ ದಿನ ಕೈ ಬಿಗಿ ಹಿಡಿಯೋದಿಲ್ಲ.

ಸಣ್ಣ ಪಟ್ಟಿ, ದೊಡ್ಡ ದರ ಸರಿಹೋಗುವ ಜಾಗವೂ ಇದೆ. ನಮ್ಮಲ್ಲಿ ಮೊಬೈಲ್ ಟವರ್‌ಗಳು. ಗುಡ್ಡದ ಮೇಲೆ ನಿಂತ ಟವರ್ ವಾಸದ ಮನೆ ಆಗೋಕಾಗಲ್ಲ, ರಾತ್ರಿ ಎದ್ದು ಪಕ್ಕದ ಪಂಚಾಯ್ತಿಗೂ ಹೋಗಲ್ಲ, ಒಂದು ಬಿಲ್ಲು ಬರೆದರೆ ಮುಗಿಯಿತು. ಅಡಗಲಾರದ, ಅಲುಗಾಡದ ವಸ್ತುವಿಗೆ ದರ ಸ್ವಲ್ಪ ಜಾಸ್ತಿ ಇದ್ದರೂ ಪಟ್ಟಿ ಕರಗುವುದಿಲ್ಲ. ತೊಂದರೆ ಬೇರೆ: ಇಂಥವು ನಾಲ್ಕೇ ಇದ್ದು ಒಬ್ಬರು ಕಟ್ಟೋದು ತಡ ಮಾಡಿದರೆ ಪಂಪಿನ ಬಿಲ್ಲು ತೂಗಾಡುತ್ತದೆ. 1,020 ಮನೆಗಳಲ್ಲಿ ನೂರು ಜನ ತಡ ಮಾಡಿದರೂ ನೀರು ನಿಲ್ಲುವುದಿಲ್ಲ.

2024-25ರಲ್ಲಿ 5.70 ಲಕ್ಷದಲ್ಲಿ 4.90 ಲಕ್ಷ ವಸೂಲಾಯಿತು. ಪಟ್ಟಿ ಪೂರ್ತಿ ಆಗಿದೆ ಅಂತ ನಾನು ಹೇಳಲಾರೆ. ಬೀಚಿನ ಮೇಲೆ ತೆಂಗಿನ ಗರಿ ಹೊದಿಸಿದ 20 ಶೆಡ್ ಇವೆ, ಅಲ್ಲಿ ವ್ಯಾಪಾರ ಕೆಲವು ಲಾಡ್ಜಿಗಿಂತ ಜಾಸ್ತಿ. ಜಾಗ ಸರ್ಕಾರದ್ದು. ತೆರಿಗೆ ಹಾಕಿದರೆ ರಸೀದಿ ಕೊಡಬೇಕು, ಆ ರಸೀದಿಯನ್ನೇ ನಾಳೆ ಸ್ವಾಧೀನಕ್ಕೆ ದಾಖಲೆ ಅಂತ ಹಿಡಿದು ಬರುತ್ತಾರೆ. ಮೂರು ಸಭೆಯಲ್ಲಿ ಮಾತಾಡಿದೆವು. ಶೆಡ್‌ಗಳು ಇನ್ನೂ ರಿಜಿಸ್ಟರಿನ ಹೊರಗೇ ಇವೆ, ಲಾಡ್ಜಿನವರು ಬಿಲ್ಲು ಕಟ್ಟುವಾಗೆಲ್ಲ ಆ ಕಡೆ ಬೆರಳು ತೋರಿಸಿಯೇ ಕಟ್ಟುತ್ತಾರೆ.