ಮೋಡೆಮ್ಮೋ, ಸ್ವಿಚ್ಚೋ? ಡಬ್ಬಿಯ ಹಿಂಬದಿ ನೋಡಿ

ಡೊಂಬಿವಲಿಯ ಸೋದರಮಾವನ ಮನೆ ಖಾಲಿ ಮಾಡುವಾಗ ಒಂದು ಚೀಲದ ತುಂಬ ಹಳೆಯ ನೆಟ್ ಡಬ್ಬಿಗಳು ಸಿಕ್ಕವು. ಮಾವನಿಗೆ ಎಲ್ಲವೂ "ವೈಫೈ ಡಬ್ಬಿ". ಭಂಗಾರ್‌ವಾಲಾನಿಗೆ ಕೊಡುವ ಮೊದಲು ಬೇರ್ಪಡಿಸೋಣ ಅಂತ ಕೂತೆ. ಆಂಟೆನಾ, ಕಂಪನಿ ಹೆಸರು ನೋಡಿ ಏನೂ ಗೊತ್ತಾಗಲ್ಲ. ನಾನು ಮೊದಲು ಹುಡುಕೋದು ಉಳಿದವುಗಳಿಗಿಂತ ಬೇರೆ ಥರ ಇರುವ ಒಂದು ಪೋರ್ಟನ್ನು.

ಮೊದಲ ಡಬ್ಬಿಯಲ್ಲಿ ನಾಲ್ಕು ಲ್ಯಾನ್ ಪೋರ್ಟು, ಪಕ್ಕದಲ್ಲಿ ಇನ್ನೊಂದು ಸಣ್ಣದು. ಅದಕ್ಕೆ ಲ್ಯಾನ್ ಕೇಬಲ್ಲಿನ ಪಿನ್ನು ಹಿಡಿಸಲೇ ಇಲ್ಲ. ಲ್ಯಾಂಡ್‌ಲೈನ್ ಫೋನಿನ ತಂತಿ ಹೋಗುವ ಜಾಗ ಅದು, ಅಂದರೆ ಹಳೆಯ ಡಿಎಸ್‌ಎಲ್ ಮೋಡೆಮ್. ಫೈಬರ್ ಬಂದ ಮನೆಯಲ್ಲಿ ಮೋಡೆಮ್ ಆಗಿ ಅದಕ್ಕೆ ಕೆಲಸವಿಲ್ಲ.

ಎರಡನೆಯದರಲ್ಲಿ ಹಸಿರು ಬಣ್ಣದ ಚೌಕ ಪೋರ್ಟು, ಮುಂದೆ ಪಾನ್, ಎಲ್‌ಒಎಸ್ ಅಂತ ಎರಡು ದೀಪ. ಇದು ಫೈಬರ್ ಬಂದು ಸೇರುವ ಒಎನ್‌ಟಿ. ಇಂಥದ್ದು ಸಾಮಾನ್ಯವಾಗಿ ನೆಟ್ ಕೊಡುವವರದ್ದೇ ಆಗಿರುತ್ತದೆ, ಕೇಳಿ ವಾಪಸ್ ಕೊಡಿ. ಫೈಬರ್ ತಂತಿಯ ತುದಿಗೆ ಕಣ್ಣಿಟ್ಟು ನೋಡಬೇಡಿ. ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣಲ್ಲ, ಆದರೂ ಇರುತ್ತದೆ.

ತಲೆಕೆಡಿಸಿದ್ದು ಮೂರನೆಯದು. ಐದು ಪೋರ್ಟು, ಎಲ್ಲವೂ ಒಂದೇ ಬಣ್ಣ, ಆಂಟೆನಾ ಇಲ್ಲ. ಸ್ವಿಚ್, ಅಂದರೆ ಒಂದು ಲ್ಯಾನ್ ತಂತಿಯನ್ನು ಹಲವು ಮಾಡಿಕೊಡುವ ಡಬ್ಬಿ ಇರಬೇಕು ಅನ್ನಿಸಿತು, ಯಾಕೆಂದರೆ ಕೆಳಗಿನ ಸ್ಟಿಕರಿನಲ್ಲಿ ವೈಫೈ ಹೆಸರು, ಪಾಸ್‌ವರ್ಡ್ ಯಾವುದೂ ಇರಲಿಲ್ಲ. ಆದರೆ ಪೋರ್ಟುಗಳೆಲ್ಲ ಒಂದೇ ಬಣ್ಣದಲ್ಲಿರುವ ರೌಟರುಗಳೂ ಇವೆ, ಹಾಗಾಗಿ ಕರೆಂಟ್ ಕೊಟ್ಟೇ ನೋಡಬೇಕಾಯಿತು. ಇಲ್ಲಿ ಜೋಪಾನ. ಚೀಲದಲ್ಲಿದ್ದ ಅಡಾಪ್ಟರ್ 12 ವೋಲ್ಟಿನದು, ಡಬ್ಬಿ ಕೇಳುತ್ತಿದ್ದದ್ದು 5 ವೋಲ್ಟ್, ಪಿನ್ನು ಮಾತ್ರ ಸರಿಯಾಗಿ ಕೂರುತ್ತಿತ್ತು! ಹಾಕಿದ್ದರೆ ಸುಟ್ಟೇ ಹೋಗುತ್ತಿತ್ತೇನೋ. 5 ವೋಲ್ಟಿನದನ್ನು ಹುಡುಕಿ ತಂದು, ಬೇರೆ ಯಾವ ಕೇಬಲ್ಲೂ ಇಲ್ಲದೆ ಲ್ಯಾಪ್‌ಟಾಪ್ ಒಂದನ್ನೇ ಜೋಡಿಸಿ, ವೈಫೈ ಆಫ್ ಮಾಡಿ, ವಿಂಡೋಸ್‌ನಲ್ಲಿ ಇದನ್ನು ಕೊಟ್ಟೆ:

```
ipconfig
```

169.254 ಅಂತ ಶುರುವಾಗುವ ವಿಳಾಸ ಬಂತು. ವಿಳಾಸ ಹಂಚುವವರು ಯಾರೂ ಸಿಗದಿದ್ದಾಗ ಲ್ಯಾಪ್‌ಟಾಪ್ ತಾನೇ ಹಾಕಿಕೊಳ್ಳುವ ನಂಬರ್ ಅದು. ರೌಟರ್ ಆಗಿದ್ದರೆ ಸಾಮಾನ್ಯವಾಗಿ 192.168 ಅಂತ ಕೊಡುತ್ತಿತ್ತು. ಒಂದು ಮಾತು: ವಿಳಾಸ ಹಂಚುವ ಕೆಲಸ ಬಿಟ್ಟು ಬರೀ ವೈಫೈ ಕೊಡುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿಟ್ಟ ರೌಟರೂ 169.254 ತೋರಿಸಬಹುದು. ಹಾಗಾಗಿ ರೀಸೆಟ್ ತೂತು ಇದ್ದರೆ ಸುಮಾರು 10 ಸೆಕೆಂಡ್ ಒತ್ತಿ ಹಿಡಿದು ಮತ್ತೆ ನೋಡಿ. ಇದರಲ್ಲಿ ಆ ತೂತೇ ಇರಲಿಲ್ಲ. ಸ್ವಿಚ್ಚೇ.

ಕೊನೆಯದು ನೇರ ಗೋಡೆಯ ಸಾಕೆಟ್ಟಿಗೆ ಚುಚ್ಚುವಂಥದ್ದು, ಕೆಳಗೆ ಒಂದೇ ಲ್ಯಾನ್ ಪೋರ್ಟು. ರೇಂಜ್ ಎಕ್ಸ್‌ಟೆಂಡರ್ ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ, ನಾನು ಬಟನ್ ನೋಡಿದೆ. ಎಕ್ಸ್‌ಟೆಂಡರಿನಲ್ಲಿ ಡಬ್ಲ್ಯುಪಿಎಸ್ ಬಟನ್, ಸಿಗ್ನಲ್ ದೀಪ, ಸ್ಟಿಕರಿನಲ್ಲಿ ವೈಫೈ ಹೆಸರು ಸಾಮಾನ್ಯವಾಗಿ ಇರುತ್ತವೆ. ಇದರಲ್ಲಿ ಇದ್ದದ್ದು 'ಪೇರ್' ಬಟನ್ ಮತ್ತು ಮನೆ ಚಿತ್ರದ ದೀಪ. ಅಂದರೆ ಪವರ್‌ಲೈನ್ ಅಡಾಪ್ಟರ್, ಮನೆಯ ಕರೆಂಟ್ ವೈರಿನಲ್ಲೇ ನೆಟ್ ಸಾಗಿಸುವಂಥದ್ದು. ಕೆಲಸಕ್ಕೆ ಜೋಡಿ ಬೇಕು. ಇನ್ನೊಂದು ಎಲ್ಲಿ ಅಂತ ಕೇಳಿದರೆ ಮಾವ, "ಅದು ಕೆಟ್ಟಿದೆ ಅಂತ ಹೋದ ವರ್ಷವೇ ಭಂಗಾರಿಗೆ ಹಾಕಿದೆನಲ್ಲೋ" ಅಂದರು.