ಕನ್ನಡ ಮಾಧ್ಯಮದಲ್ಲಿ ಓದಿದ್ದನ್ನು ವಿದೇಶದ ಅರ್ಜಿಯಲ್ಲಿ ಬರೆಯುವುದು ಹೇಗೆ?

ವಿದೇಶದಲ್ಲಿ ಮಾಸ್ಟರ್ಸ್ ಮಾಡಲು ಹೊರಟವರ ಎಸ್‌ಒಪಿಗಳು, ಅಂದರೆ ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ಗಳು, ನನ್ನ ಕೈಗೆ ಆಗಾಗ ತಿದ್ದಲು ಬರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದವರದ್ದು ಹೆಚ್ಚುಕಡಿಮೆ ಎರಡೇ ಬಗೆ. ಒಂದರಲ್ಲಿ ಶಾಲೆಯ ಸುದ್ದಿಯೇ ಇರುವುದಿಲ್ಲ. ಇನ್ನೊಂದರಲ್ಲಿ ಮೊದಲ ಸಾಲಿನಿಂದಲೇ ಕಷ್ಟದ ಕಥೆ ಶುರು. ಮೊದಲನೆಯವರು ಇರುವ ಸರಕನ್ನು ಮುಚ್ಚಿಡುತ್ತಾರೆ. ಎರಡನೆಯವರು ಅದನ್ನು ಹೊರೆ ಎಂದು ತಾವೇ ಒಪ್ಪಿಕೊಂಡು ಬಿಡುತ್ತಾರೆ. ಇವೆರಡೂ ಆಗದಂತೆ ಬರೆಯುವ ಕ್ರಮ ಇಲ್ಲಿದೆ.

ಹಂತ 1: ಎಲ್ಲಿ ಬರೆಯಬೇಕು ಎಂದು ನೋಡಿಕೊಳ್ಳಿ

ಮಾಸ್ಟರ್ಸ್ ಅರ್ಜಿಯಲ್ಲಿ ಸಾಮಾನ್ಯವಾಗಿ ಪದವಿಯ ಅಂಕಪಟ್ಟಿಯನ್ನಷ್ಟೇ ಕೇಳುತ್ತಾರೆ. ಶಾಲೆಯ ಮಾಧ್ಯಮ ಯಾವುದು ಎಂದು ಕೇಳುವ ಕಾಲಂ ಇರುವುದು ಕಡಿಮೆ. ಅಂದರೆ ನೀವಾಗಿ ಬರೆಯದಿದ್ದರೆ ಅವರಿಗೆ ಗೊತ್ತಾಗುವುದೇ ಇಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ಕಡೆ ಎಸ್‌ಒಪಿ ಬೇರೆ, ಪರ್ಸನಲ್ ಸ್ಟೇಟ್‌ಮೆಂಟ್ ಬೇರೆ ಕೇಳುತ್ತಾರೆ. ಅಲ್ಲಿ ಬೆಳೆದು ಬಂದ ದಾರಿ ಎರಡನೆಯದರಲ್ಲಿ ಬರಲಿ. ಒಂದೇ ಪ್ರಬಂಧ ಕೇಳಿದ್ದರೆ ಅದರ ನಡುವೆ ಒಂದು ಪ್ಯಾರಾ ಸಾಕು. ಬ್ರಿಟನ್‌ನಲ್ಲಿ ಪದವಿಗೇ ಸೇರುವವರು ಯುಸಿಎಎಸ್ ಎಂಬ ಕೇಂದ್ರ ಪ್ರವೇಶ ಸಂಸ್ಥೆಯ ಮೂಲಕ ಅರ್ಜಿ ಹಾಕುತ್ತಾರೆ. 2026ರ ಪ್ರವೇಶದಿಂದ ಅಲ್ಲಿ ಉದ್ದನೆಯ ಒಂದೇ ಪ್ರಬಂಧದ ಬದಲು ಮೂರು ಪ್ರಶ್ನೆಗಳಿವೆ. ಮೂರಕ್ಕೂ ಸೇರಿ 4,000 ಅಕ್ಷರ, ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ಕಥೆ ಹೇಳುವಷ್ಟು ಜಾಗ ಅಲ್ಲಿಲ್ಲ, ಎರಡು ವಾಕ್ಯದಲ್ಲಿ ಮುಗಿಸಿ.

ಹಂತ 2: ಮಾಧ್ಯಮದಿಂದ ಏನು ಬಂತು ಎಂದು ಹುಡುಕಿ

‘ನನಗೆ ಕನ್ನಡ ಚೆನ್ನಾಗಿ ಬರುತ್ತದೆ’ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. 2011ರ ಜನಗಣತಿ ಪ್ರಕಾರ ಕನ್ನಡ ಮಾತೃಭಾಷೆಯವರೇ 4.37 ಕೋಟಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರೂ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಅಲ್ವಾ? ಕನ್ನಡದಲ್ಲೇ ಗಣಿತ, ವಿಜ್ಞಾನ ಕಲಿತವರಿಗೆ ಇರುವುದು ಬೇರೆಯೇ ಒಂದು ಅನುಕೂಲ. ವಿಷಯವನ್ನು ಎರಡು ಭಾಷೆಯಲ್ಲೂ ಓದಿ, ಬರೆದು, ಲೆಕ್ಕ ಹಾಕಬಲ್ಲರು. ಪಹಣಿ, ಪಂಚಾಯಿತಿ ದಾಖಲೆ, ಇಲಾಖೆಯ ಸುತ್ತೋಲೆ ಓದಿ ಅರ್ಥ ಮಾಡಿಕೊಳ್ಳಬಲ್ಲರು. ಇದನ್ನು ನೀವು ಎಲ್ಲಾದರೂ ಬಳಸಿದ್ದೀರಾ? ಪ್ರಾಜೆಕ್ಟ್, ಇಂಟರ್ನ್‌ಶಿಪ್, ಎನ್‌ಎಸ್‌ಎಸ್ ಶಿಬಿರ, ಕನ್ನಡ ವಿಕಿಪೀಡಿಯದಲ್ಲಿ ಬರೆದ ವಿಜ್ಞಾನ ಲೇಖನ, ಯಾವುದಾದರೂ ಸರಿ. ಬೇರೆಯವರು ನೋಡಿ ಖಾತ್ರಿ ಮಾಡಿಕೊಳ್ಳುವಂತಿರಬೇಕು, ಅಷ್ಟೇ. ವಿಕಿಪೀಡಿಯದಲ್ಲಿ ನೀವು ಮಾಡಿದ ತಿದ್ದುಪಡಿಗಳೆಲ್ಲ ದಿನಾಂಕದ ಸಮೇತ ಉಳಿದಿರುತ್ತವೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಇಂಥದ್ದು ಒಂದೂ ಸಿಗದಿದ್ದರೆ, ಅಥವಾ ನೀವು ಓದಲು ಹೊರಟ ವಿಷಯಕ್ಕೆ ಸಂಬಂಧವೇ ಇಲ್ಲದಿದ್ದರೆ, ಎಸ್‌ಒಪಿಯಲ್ಲಿ ಈ ಮಾತು ಬೇಡ. ಟರ್ಬೈನ್ ವಿನ್ಯಾಸ ಓದಲು ಹೊರಟವರು ಬಲವಂತವಾಗಿ ಶಾಲೆಯನ್ನು ಎಳೆದು ತಂದರೆ ಓದುವವರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಬಯೋಡೇಟಾದಲ್ಲಿ ಒಂದು ಸಾಲು ಹಾಕಿ, ಮುಂದೆ ಹೋಗಿ.

ಹಂತ 3: ಪ್ಯಾರಾ ಬರೆಯುವುದು

ಹೆಚ್ಚಿನವರು ಎಡವುವುದು ಇಲ್ಲೇ. ನಾನು ಮತ್ತೆ ಮತ್ತೆ ಹೊಡೆದು ಹಾಕುವ ವಾಕ್ಯದ ಅರ್ಥ ಹೀಗಿರುತ್ತದೆ: ‘ಹಳ್ಳಿಯ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೂ, ಅನೇಕ ಕಷ್ಟಗಳನ್ನು ದಾಟಿ ಇಂಗ್ಲಿಷ್ ಮೇಲೆ ಹಿಡಿತ ಸಾಧಿಸಿದೆ.’ ‘ಓದಿದ್ದರೂ’ ಎಂದ ಕೂಡಲೇ ಶಾಲೆ ಒಂದು ಕೊರತೆಯಾಯಿತು. ಇನ್ನು ಇಂಗ್ಲಿಷ್ ಬಂತು ಎಂಬುದು ಸಾಧನೆಯೇ ಅಲ್ಲ, ಏಕೆಂದರೆ ಅರ್ಜಿ ಹಾಕಿದ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ. ಪ್ರವೇಶ ಸಮಿತಿಯವರಿಗೆ ಈ ವಾಕ್ಯದಿಂದ ನಿಮ್ಮ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ.

ಒಂದು ಮಾದರಿ ಇಟ್ಟುಕೊಂಡು ನೋಡೋಣ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್‌ಸಿ ಮುಗಿಸಿದ ಒಬ್ಬ ವಿದ್ಯಾರ್ಥಿನಿ, ನೆದರ್ಲೆಂಡ್ಸ್‌ನ ವಾಗೆನಿಂಗೆನ್‌ನಲ್ಲಿ ಭೂಮಿ ಮತ್ತು ನೀರಿನ ನಿರ್ವಹಣೆ ಓದಬೇಕೆಂದಿದ್ದಾಳೆ ಅಂದುಕೊಳ್ಳಿ. ಕೊನೆಯ ವರ್ಷದ ಗ್ರಾಮೀಣ ಕಾರ್ಯಾನುಭವಕ್ಕಾಗಿ ಅವಳು ಹಳ್ಳಿಯಲ್ಲಿ ಉಳಿದಿದ್ದಳು. ಅಲ್ಲಿ ತಂಡದ ಜೊತೆ ಬೋರ್‌ವೆಲ್ ನೀರಿನ ಸಮೀಕ್ಷೆ ಮಾಡಿದಳು. ಪ್ರಶ್ನಾವಳಿ ಇಂಗ್ಲಿಷ್‌ನಿಂದ ಹಾಗೇ ಅನುವಾದವಾಗಿ ಬಂದಿತ್ತು: ‘ಒಂದು ಹಂಗಾಮಿಗೆ ಹೆಕ್ಟೇರಿಗೆ ಎಷ್ಟು ಘನ ಮೀಟರ್ ನೀರು ಬಳಸುತ್ತೀರಿ?’ ಕೇಳಿದ 40 ರೈತರಲ್ಲಿ ಉತ್ತರ ಕೊಟ್ಟವರು 11 ಮಂದಿ.

ಅವಳು ಆ ಒಂದು ಪ್ರಶ್ನೆಯನ್ನು ನಾಲ್ಕಾಗಿ ಒಡೆದಳು. ಮೋಟಾರ್ ಎಷ್ಟು ಎಚ್‌ಪಿ? ತ್ರೀ ಫೇಸ್ ಕರೆಂಟ್ ದಿನಕ್ಕೆ ಎಷ್ಟು ತಾಸು ಇರುತ್ತದೆ? ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತೀರಿ? ಎಷ್ಟು ಎಕರೆ, ಎಷ್ಟು ಗುಂಟೆಗೆ? ಆಮೇಲೆ ಕೆಲವು ಬೋರ್‌ವೆಲ್‌ಗಳ ಬಾಯಿಗೆ 200 ಲೀಟರ್ ಡ್ರಮ್ ಇಟ್ಟು ಸಮಯ ಅಳೆದಳು. ಒಂದು ಕಡೆ ಡ್ರಮ್ 50 ಸೆಕೆಂಡಿನಲ್ಲಿ ತುಂಬಿತು. ಸೆಕೆಂಡಿಗೆ 4 ಲೀಟರ್, ತಾಸಿಗೆ 14.4 ಘನ ಮೀಟರ್ ಆಯಿತು. ಆರು ತಾಸು ಕರೆಂಟ್ ಇದ್ದರೆ ದಿನಕ್ಕೆ ಸುಮಾರು 86 ಘನ ಮೀಟರ್. ರೈತರು ಹೇಳಿದ ಜಮೀನಿನ ಅಳತೆಯನ್ನು ಪಹಣಿಯ ಜೊತೆ ತಾಳೆ ನೋಡಿದಳು. ಎರಡನೇ ಸುತ್ತಿನಲ್ಲಿ 36 ಮಂದಿಯ ಅಂಕಿ ಸಿಕ್ಕಿತು.

ಇಷ್ಟೆಲ್ಲ ಮಾಡಿಯೂ ಅವಳ ಮೊದಲ ಕರಡಿನಲ್ಲಿ ಇರುವುದೇನು? ‘ಗ್ರಾಮೀಣ ಹಿನ್ನೆಲೆಯಿಂದ ಬಂದ ನನಗೆ ರೈತರ ನೋವು ಗೊತ್ತು.’ ಬಹಳ ಜನ ಹೀಗೇ ಬರೆಯುತ್ತಾರೆ. ಡ್ರಮ್ಮೂ ಇಲ್ಲ, ಪಹಣಿಯೂ ಇಲ್ಲ.

ತಿದ್ದಿದ ಪ್ಯಾರಾ ಹೀಗಿರಬಹುದು. ಅರ್ಜಿಯಲ್ಲಿ ಅದು ಇಂಗ್ಲಿಷ್‌ನಲ್ಲಿ ಇರುತ್ತದೆ, ಇಲ್ಲಿ ಸಾರಾಂಶ ಕೊಟ್ಟಿದ್ದೇನೆ:

‘ಹತ್ತನೇ ತರಗತಿವರೆಗೆ ಗಣಿತ, ವಿಜ್ಞಾನ, ಸಮಾಜ ಎಲ್ಲವನ್ನೂ ದಕ್ಷಿಣ ಭಾರತದ ಕರ್ನಾಟಕ ರಾಜ್ಯದ ಭಾಷೆಯಾದ ಕನ್ನಡದಲ್ಲಿ ಕಲಿತೆ. ಹನ್ನೊಂದನೇ ತರಗತಿಯಿಂದ ಇಂಗ್ಲಿಷ್‌ನಲ್ಲಿ ಓದಿದೆ. ಪದವಿಯ ಕೊನೆಯ ವರ್ಷದ ನೀರಾವರಿ ಸಮೀಕ್ಷೆಯಲ್ಲಿ, ಅನುವಾದಿಸಿದ ಪ್ರಶ್ನೆಗೆ 40 ರೈತರಲ್ಲಿ 11 ಜನ ಮಾತ್ರ ಉತ್ತರಿಸಿದರು. ಅವರು ನೀರನ್ನು ಅಳೆಯುವುದು ಮೋಟಾರ್ ಓಡುವ ತಾಸಿನ ಲೆಕ್ಕದಲ್ಲಿ. ಹಾಗಾಗಿ ನಾನು ಪ್ರಶ್ನೆಗಳನ್ನು ಕನ್ನಡದಲ್ಲಿ ಹೊಸದಾಗಿ ಬರೆದೆ, ಕೆಲವು ಪಂಪ್‌ಗಳ ಹರಿವನ್ನು ಅಳೆದೆ, ಜಮೀನಿನ ಅಳತೆಯನ್ನು ಕನ್ನಡದ ಭೂದಾಖಲೆಯಲ್ಲಿ ಪರೀಕ್ಷಿಸಿದೆ. ಎರಡನೇ ಸುತ್ತಿನಲ್ಲಿ 36 ಉತ್ತರ ಬಂದವು. ಅವನ್ನು ಘನ ಮೀಟರ್‌ಗೆ ಬದಲಿಸಿ ಇಂಗ್ಲಿಷ್ ವರದಿ ಬರೆದವಳೂ ನಾನೇ. ರೈತರು ಬಾಯಲ್ಲಿ ಹೇಳುವ ಅಂಕಿಯನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು. ಅದನ್ನೇ ನಿಮ್ಮಲ್ಲಿ ಮುಂದುವರಿಸಬೇಕೆಂದಿದ್ದೇನೆ.’

ಮೊದಲ ಎರಡು ವಾಕ್ಯವನ್ನು ಬಿಡಬೇಡಿ. ಭಾರತದ ಶಾಲೆಗಳಲ್ಲಿ ಮಾಧ್ಯಮ ಅಂದರೆ ಏನು ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಕನ್ನಡವನ್ನು ಒಂದು ಪಾಠವಾಗಿ ಓದಿದಿರಿ ಎಂದುಕೊಳ್ಳುತ್ತಾರೆ. ಈ ಪ್ಯಾರಾ ಎಸ್‌ಒಪಿಯ ಆರಂಭದಲ್ಲೂ ಬೇಡ. ಮೊದಲು ನೀವು ಏನು ಓದಬೇಕೆಂದಿದ್ದೀರಿ ಎಂದು ಹೇಳಿ, ಆಮೇಲೆ ಇದು ಬರಲಿ. ಇಂಗ್ಲಿಷ್‌ನಲ್ಲಿ ಸುಮಾರು 150 ಪದ ಸಾಕು.

ಪರೀಕ್ಷೆ ಮಾಡುವ ಒಂದು ದಾರಿ ಇದೆ. ಶಾಲೆಯ ಬಗ್ಗೆ ಹೇಳಿದ ವಾಕ್ಯಗಳನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿ. ‘ಇದನ್ನು ಇವಳೇ ಹೇಗೆ ಮಾಡಿದಳು?’ ಎಂಬ ಪ್ರಶ್ನೆ ಏಳಬೇಕು. ಏಳದಿದ್ದರೆ ಶಾಲೆಗೂ ಕೆಲಸಕ್ಕೂ ಕೊಂಡಿ ಬಿದ್ದಿಲ್ಲ ಎಂದರ್ಥ, ಮತ್ತೆ ಬರೆಯಿರಿ.

ಮೊದಲ ಕರಡನ್ನು ಕನ್ನಡದಲ್ಲೇ, ಪೆನ್ನು ಹಿಡಿದು ಬರೆಯಿರಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ನೇರವಾಗಿ ಇಂಗ್ಲಿಷ್‌ನಲ್ಲಿ ಶುರು ಮಾಡಿದರೆ ಎಲ್ಲೋ ಓದಿದ ವಾಕ್ಯಗಳೇ ಬರುತ್ತವೆ. ಕನ್ನಡದಲ್ಲಾದರೆ ನಡೆದದ್ದು ನಡೆದ ಹಾಗೆ ಬರುತ್ತದೆ. ಆಮೇಲೆ ಆ ಹಾಳೆ ಮುಚ್ಚಿಟ್ಟು ಇಂಗ್ಲಿಷ್‌ನಲ್ಲಿ ಹೊಸದಾಗಿ ಬರೆಯಿರಿ, ಸಾಲು ಸಾಲಾಗಿ ಅನುವಾದ ಮಾಡಬೇಡಿ. ಟೆಲಿಗ್ರಾಂ ಗ್ರೂಪ್‌ಗಳಲ್ಲಿ ಓಡಾಡುವ ಸ್ಯಾಂಪಲ್ ಎಸ್‌ಒಪಿ ಪಿಡಿಎಫ್‌ಗಳನ್ನು ಈ ಹೊತ್ತಿನಲ್ಲಿ ಮುಟ್ಟಲೇಬೇಡಿ. ದುಡ್ಡು ಕೊಟ್ಟು ಬರೆಸುವುದಂತೂ ಇನ್ನೂ ಕೆಟ್ಟದ್ದು. ಹೆಸರು ಮಾತ್ರ ಬದಲಿಸಿದ ಒಂದೇ ಪ್ರಬಂಧ ಇಬ್ಬರ ಕೈಯಲ್ಲಿದ್ದದ್ದನ್ನು ನೋಡಿದ್ದೇನೆ. ಯುಸಿಎಎಸ್‌ನಲ್ಲಿ ಬರುವ ಪ್ರತಿ ಸ್ಟೇಟ್‌ಮೆಂಟನ್ನೂ ಹಳೆಯವುಗಳ ಜೊತೆ ಹೋಲಿಸಿ ನೋಡುತ್ತಾರೆ. ಸಿಕ್ಕಿಬಿದ್ದರೆ ವಿಷಯ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ.

ಹಂತ 4: ಅಂಕ ಕುಸಿದಿದ್ದರೆ

ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ಇಂಗ್ಲಿಷ್‌ಗೆ ಬದಲಾದವರಿಗೆ ಮೊದಲ ವರ್ಷ ಅಂಕ ಇಳಿಯುವುದುಂಟು. ಕೆಲವರಿಗೆ ಪದವಿಯ ಮೊದಲ ಸೆಮಿಸ್ಟರ್‌ವರೆಗೂ ಅದು ಮುಂದುವರಿಯುತ್ತದೆ. ಅರ್ಜಿಯಲ್ಲಿ ಹೆಚ್ಚುವರಿ ಮಾಹಿತಿಗೆ ಜಾಗ ಇದ್ದರೆ ಅಲ್ಲಿ ಎರಡು ಸಾಲು ಬರೆಯಿರಿ: ಬೋಧನೆಯ ಭಾಷೆ ಯಾವಾಗ ಬದಲಾಯಿತು, ಆಗ ಅಂಕ ಎಷ್ಟಿತ್ತು, ಈಗ ಎಷ್ಟಿದೆ. ಆದರೆ ಅಂಕಪಟ್ಟಿ ನಿಮ್ಮ ಮಾತನ್ನು ಒಪ್ಪಬೇಕು. ಐದನೇ ಸೆಮಿಸ್ಟರ್‌ನಲ್ಲಿ ಬಿದ್ದ ಅಂಕಕ್ಕೆ ಶಾಲೆಯನ್ನು ದೂರಿದರೆ ಯಾರೂ ನಂಬುವುದಿಲ್ಲ.

ಹಂತ 5: ಶಿಫಾರಸು ಪತ್ರ

ನೀವು ಎಸ್‌ಒಪಿಯನ್ನು ಎಷ್ಟೇ ಚೆನ್ನಾಗಿ ಬರೆಯಿರಿ, ಮೇಷ್ಟ್ರ ಪತ್ರದಲ್ಲಿ ‘ಹಿಂದುಳಿದ ಹಿನ್ನೆಲೆಯಿಂದ ಬಂದರೂ’ ಎಂದಿದ್ದರೆ ಕೆಲಸ ಕೆಡುತ್ತದೆ. ಅವರು ಒಳ್ಳೆಯ ಮನಸ್ಸಿನಿಂದಲೇ ಬರೆದಿರುತ್ತಾರೆ. ಅದಕ್ಕೇ ಕೇಳಲು ಹೋಗುವಾಗ ಅರ್ಧ ಪುಟದ ಟಿಪ್ಪಣಿ ಕೈಗೆ ಕೊಡಿ. ‘ಸರ್, ಆ ಪ್ರಶ್ನಾವಳಿ ಬದಲಿಸಿದ್ದನ್ನು ನೀವು ನೋಡಿದ್ದಿರಲ್ಲ, ಆಗುವುದಾದರೆ ಅದನ್ನು ಬರೆಯಿರಿ’ ಎಂದು ಹೇಳಿ. ಪತ್ರವನ್ನು ಅವರೇ ಬರೆಯಲಿ. ‘ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ’ ಎನ್ನುವವರ ಬಳಿ ಹೋಗಬೇಡಿ. ಎಸ್‌ಒಪಿಯ ಧಾಟಿಯೂ ಪತ್ರದ ಧಾಟಿಯೂ ಒಂದೇ ಆಗಿಬಿಡುತ್ತದೆ.

ಹಂತ 6: ದಾಖಲೆ

ಕೊನೆಯ ಗೊಂದಲ ಪತ್ರದ ಹೆಸರಿನದ್ದು. ವಿದೇಶದವರು ಕೇಳುವ ‘ಮೀಡಿಯಂ ಆಫ್ ಇನ್‌ಸ್ಟ್ರಕ್ಷನ್’ ಪತ್ರ ಅಂದರೆ, ನಿಮ್ಮ ಪದವಿ ಇಂಗ್ಲಿಷ್‌ನಲ್ಲಿ ನಡೆಯಿತು ಎಂದು ಕಾಲೇಜು ಅಥವಾ ವಿಶ್ವವಿದ್ಯಾಲಯ ಕೊಡುವ ಪತ್ರ. ಸಿಇಟಿಯಲ್ಲಿ ಕನ್ನಡ ಮಾಧ್ಯಮದ ಮೀಸಲಾತಿಗಾಗಿ ಮುಖ್ಯ ಶಿಕ್ಷಕರಿಂದ ಬರೆಸಿ, ಬಿಇಒ ಮೇಲುಸಹಿ ಹಾಕಿಸಿದ್ದ ಪ್ರಮಾಣಪತ್ರ ಬೇರೆ. ಎರಡನೆಯದನ್ನು ಮೊದಲನೆಯದರ ಜಾಗಕ್ಕೆ ಅಪ್‌ಲೋಡ್ ಮಾಡಿ ಕುಳಿತವರಿದ್ದಾರೆ. ಬಿಇಒ ಸಹಿಯ ಪತ್ರ ನಿಮ್ಮ ಫೈಲಿನಲ್ಲೇ ಇರಲಿ. ಯಾರಾದರೂ ಕೇಳಿದರೆ ಮಾತ್ರ, ದೃಢೀಕರಿಸಿದ ಇಂಗ್ಲಿಷ್ ಅನುವಾದದ ಜೊತೆ ಕಳಿಸಿ.

ಕಾಲೇಜಿನ ಪತ್ರ ಇದ್ದರೆ ಕೆಲವು ವಿಶ್ವವಿದ್ಯಾಲಯಗಳು ಐಇಎಲ್‌ಟಿಎಸ್‌ಗೆ ವಿನಾಯಿತಿ ಕೊಡುತ್ತವೆ. ಆದರೂ ಕೈಯಲ್ಲಿ ಶುಲ್ಕದ ದುಡ್ಡಿದ್ದರೆ ಆ ಪರೀಕ್ಷೆ ಬರೆಯಿರಿ ಎಂದೇ ನಾನು ಹೇಳುತ್ತೇನೆ. ಅಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ನಾಲ್ಕಕ್ಕೂ ಬೇರೆ ಬೇರೆ ಅಂಕ ಬರುತ್ತದೆ. ಬರವಣಿಗೆಯಲ್ಲಿ ಒಳ್ಳೆಯ ಅಂಕ ಬಂದರೆ ಇಂಗ್ಲಿಷ್ ಬಗ್ಗೆ ಎಸ್‌ಒಪಿಯಲ್ಲಿ ಒಂದು ಪದವನ್ನೂ ಖರ್ಚು ಮಾಡಬೇಕಿಲ್ಲ. ಆ ಜಾಗವನ್ನು ಡ್ರಮ್ಮಿನ ಲೆಕ್ಕಕ್ಕೆ ಕೊಡಬಹುದು.